ಸದ್ದು ಬರುತ್ತಿರುವುದು ಗ್ರಿಲ್‌ನಿಂದ ಅಲ್ಲ, ಡಕ್ಟ್‌ನ ಮೈಯಿಂದ

"ಸಾರ್, ಸೈಲೆನ್ಸರ್ ಹಾಕಿಸಿದ್ದೀವಿ, ಆದ್ರೂ ರೂಮಲ್ಲಿ ಗುಂಯ್ ಅಂತಾನೇ ಇದೆ. ಇನ್ನೂ ಉದ್ದದ್ದು ಹಾಕಿಸಿದ್ರೆ ಹೋಗುತ್ತಾ?"

ಹೋಗಲ್ಲ. ದುಡ್ಡು ಹೋಗುತ್ತೆ, ಸದ್ದು ಅಲ್ಲೇ ಇರುತ್ತೆ.

ಸೈಲೆನ್ಸರ್ ಅಂದರೆ ಎಸಿ ಡಕ್ಟ್‌ನ ನಡುವೆ ಕೂರಿಸಿ, ಒಳಗೆ ಗಾಳಿಯ ಜೊತೆ ಬರುವ ಸದ್ದನ್ನು ಹೀರುವ ತುಂಡು. ದಾವಣಗೆರೆಯಲ್ಲಿ ಡಕ್ಟ್ ಕೆಲಸ ಮಾಡಿಸುವವರು, ಆಸ್ಪತ್ರೆಯವರು, ಕಾಲೇಜಿನವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ನನಗೆ ಸಿಟ್ಟು ಬರುವುದು "ಇನ್ನೂ ಉದ್ದದ್ದು" ಅನ್ನುವ ಮಾತಿಗೆ. ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಅಂತ ಯಾರೂ ನೋಡಿರುವುದಿಲ್ಲ. ಎಲ್ಲರೂ ವಿಚಾರಿಸುವುದು ಸೈಲೆನ್ಸರ್‌ನ ಉದ್ದ ಮಾತ್ರ.

ಇಲ್ಲಿನ ಒಂದು ಕಾಲೇಜಿನಲ್ಲಿ ಪಾಠ ರೆಕಾರ್ಡ್ ಮಾಡುವ ಕೋಣೆ ಮಾಡಿದ್ದರು. ಪಕ್ಕದಲ್ಲೇ ಎಎಚ್‌ಯು ರೂಮು, ಅಂದರೆ ಗಾಳಿಯನ್ನು ತಣ್ಣಗೆ ಮಾಡಿ ಫ್ಯಾನಿನಿಂದ ಡಕ್ಟ್‌ಗೆ ತಳ್ಳುವ ಮೆಷಿನ್ ಇರುವ ರೂಮು. ಅಲ್ಲಿಂದ ಹೊರಟ ದೊಡ್ಡ ಡಕ್ಟ್ ಈ ಕೋಣೆಯ ಫಾಲ್ಸ್ ಸೀಲಿಂಗ್ ಮೇಲೆ 6 ಮೀಟರ್ ಹಾದು ಆಚೆಯ ತರಗತಿಗಳಿಗೆ ಹೋಗುತ್ತಿತ್ತು. ಅಗಲ 1200 ಮಿ.ಮೀ., ಎತ್ತರ 300. ಶೀಟು 22 ಗೇಜ್ ಜಿಐ. ಕೋಣೆಗೆ ಗಾಳಿ ಕೊಡಲು ಅದರಿಂದ ಒಂದು ಸಣ್ಣ ಕವಲು. ಆ ಕವಲಿಗೆ ಒಂದೂವರೆ ಮೀಟರಿನ ಸೈಲೆನ್ಸರ್ ಹಾಕಿದ್ದರು. ಕ್ಯಾಟಲಾಗ್‌ನಲ್ಲಿ ಅಟೆನ್ಯುಯೇಟರ್ ಅಂತ ಇರುತ್ತಲ್ಲ, ಅದೇ.

ನಾನು ಹೋದಾಗ ಅಲ್ಲಿನ ಮೇಷ್ಟ್ರು, "ಕೇಳಿ ಸಾರ್, ಮೈಕಲ್ಲಿ ಇದೂ ಬರುತ್ತೆ" ಅಂದರು. ನಿಜ. ಗಾಳಿಯ ಸುಂಯ್ ಅನ್ನುವ ಸದ್ದು ಇರಲಿಲ್ಲ, ಅದನ್ನು ಸೈಲೆನ್ಸರ್ ಚೆನ್ನಾಗಿ ತೆಗೆದಿತ್ತು. ಉಳಿದಿದ್ದು ಗುಂಯ್. ನಾನು ಮೊದಲು ಮಾಡಿದ ಕೆಲಸ ಕೋಣೆಗೆ ಗಾಳಿ ಬರುವ ಗ್ರಿಲ್ ಮುಚ್ಚಿದ್ದು. ಒಂದು ತುಂಡು ಜಿಪ್ಸಂ ಬೋರ್ಡ್ ಇಟ್ಟು ಸುತ್ತ ಟೇಪ್ ಹಾಕಿದೆ. ಗಾಳಿ ನಿಂತಿತು, ಗುಂಯ್ ಒಂದಿಷ್ಟೂ ಕಡಿಮೆ ಆಗಲಿಲ್ಲ. ಆಮೇಲೆ ಸೀಲಿಂಗ್‌ನ ಒಂದು ಟೈಲ್ ಎತ್ತಿದೆ, ಸದ್ದು ಜಾಸ್ತಿ ಆಯಿತು. ಡಕ್ಟ್‌ನ ಅಗಲವಾದ ತಳದ ನಡುವೆ ಅಂಗೈ ಇಟ್ಟೆ. ಶೀಟು ನಡುಗುತ್ತಿತ್ತು. ಅಂಚಿನ ಹತ್ತಿರ ಕೈ ಸರಿಸಿದರೆ ನಡುಕ ಕಡಿಮೆ. ಅಲ್ಲಿಗೆ ಗೊತ್ತಾಯಿತು: ಸದ್ದು ಗಾಳಿಯ ಜೊತೆ ಬರುತ್ತಿಲ್ಲ, ಡಕ್ಟ್‌ನ ಗೋಡೆ ದಾಟಿ ಬರುತ್ತಿದೆ. ಇದಕ್ಕೆ ಬ್ರೇಕ್‌ಔಟ್ ಅನ್ನುತ್ತಾರೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಯಾರು ಬೇಕಾದರೂ ಮಾಡಬಹುದು.

ಚೌಕದ ಡಕ್ಟೇ ಯಾಕೆ ಹೀಗೆ ಮಾಡುತ್ತೆ? ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಎಣ್ಣೆಯ ಚೌಕ ಡಬ್ಬ ಇರುತ್ತಲ್ಲ, ಖಾಲಿ ಇರುವಾಗ ಅದರ ಪಕ್ಕವನ್ನು ಬೆರಳಿಂದ ಒತ್ತಿ ನೋಡಿ. ಟಪ್ ಅಂತ ಒಳಗೆ ಹೋಗಿ ಹೊರಗೆ ಬರುತ್ತೆ. ಅಷ್ಟೇ ದಪ್ಪದ ತಗಡಿನ ದುಂಡು ಡಬ್ಬ ಅಷ್ಟು ಸುಲಭಕ್ಕೆ ಬಗ್ಗಲ್ಲ. ಗುಂಯ್ ಅನ್ನುವ ಕಡಿಮೆ ಕಂಪನದ ಸದ್ದು ಚಪ್ಪಟೆ ಶೀಟನ್ನು ಹೀಗೇ ಒಳಗೆ ಹೊರಗೆ ಆಡಿಸುತ್ತೆ. ಡಕ್ಟ್ ದೊಡ್ಡ ಡೋಲಾಗುತ್ತೆ.

ಆ ಫ್ಯಾನ್‌ಗೆ 8 ರೆಕ್ಕೆ, ನಿಮಿಷಕ್ಕೆ 960 ಸುತ್ತು. ಅಂದರೆ ಸೆಕೆಂಡಿಗೆ 128 ಸಲ ಗಾಳಿಗೆ ಏಟು. ಗುಂಯ್ ಅನ್ನುವುದು ಇದೇ. ಅದು 125 ಹರ್ಟ್ಸ್ ಬ್ಯಾಂಡಿಗೆ ಬೀಳುತ್ತೆ. ಆ ಬ್ಯಾಂಡಿನಲ್ಲಿ ಡಕ್ಟ್‌ನ ಒಳಗೆ ಸದ್ದಿನ ಪವರ್ 85 ಡೆಸಿಬಲ್ ಇತ್ತು. ಇಂಥ ಶೀಟು 125 ಹರ್ಟ್ಸ್‌ನಲ್ಲಿ ತಡೆಯುವುದು ಸುಮಾರು 22. ಕೇಳಿದರೆ ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ಸದ್ದು ಸೋರುವುದು ಒಂದು ತೂತಿನಿಂದಲ್ಲ, ಇಡೀ ಮೈಯಿಂದ. ಡಕ್ಟ್‌ನ ಸುತ್ತಳತೆ 3 ಮೀಟರ್, ಉದ್ದ 6, ಅಂದರೆ 18 ಚದರ ಮೀಟರ್ ಶೀಟು. ಒಳಗಿನ ಬಾಯಿ ಬರೀ 0.36 ಚದರ ಮೀಟರ್. 50 ಪಟ್ಟು ವ್ಯತ್ಯಾಸ. ಡೆಸಿಬಲ್ ಲೆಕ್ಕದಲ್ಲಿ 50 ಪಟ್ಟು ಅಂದರೆ 17.

85 + 17 − 22 = 80.

ಈ ಲೆಕ್ಕವನ್ನು ನಾನು ಮೇಷ್ಟ್ರ ಎದುರಿಗೇ ಬರೆದೆ. ಫ್ಯಾನಿನ 85ರಲ್ಲಿ ಕಳೆದದ್ದು ಬರೀ 5. ಸೀಲಿಂಗ್ ಮತ್ತು ಕೋಣೆ ಸೇರಿ ಇನ್ನೊಂದು 12 ಕಳೆದರೆ 68. ಮೀಟರ್‌ನಲ್ಲಿ 67 ಬಂತು. ನಾವು ಇಟ್ಟುಕೊಂಡ ಗುರಿ ಎನ್‌ಸಿ 25. ಎನ್‌ಸಿ ಅಂದರೆ ಕೋಣೆಯಲ್ಲಿ ಯಾವ ಬ್ಯಾಂಡಿನಲ್ಲಿ ಎಷ್ಟು ಸದ್ದು ಇರಬಹುದು ಅಂತ ಹೇಳುವ ಅಳತೆಗೋಲು. ಅದರ ಪ್ರಕಾರ 125 ಹರ್ಟ್ಸ್‌ನಲ್ಲಿ 44 ಮೀರಬಾರದು. ಕವಲಿನ ಸೈಲೆನ್ಸರನ್ನು ಮೂರು ಮೀಟರ್ ಮಾಡಿದ್ದರೂ ಈ 67 ಅಲುಗುತ್ತಿರಲಿಲ್ಲ. ಯಾಕಂದ್ರೆ ಸದ್ದು ಸೈಲೆನ್ಸರ್ ತಲುಪುವ ಮೊದಲೇ ಕೋಣೆಗೆ ಇಳಿದಿತ್ತು.

"ಹಾಗಾದ್ರೆ ಡಕ್ಟ್‌ಗೆ ಇನ್ಸುಲೇಷನ್ ಸುತ್ತಿದೆಯಲ್ಲ?" ಅಂದರು. ಅದು ನೈಟ್ರೈಲ್ ರಬ್ಬರ್. ತಣ್ಣನೆ ಡಕ್ಟ್ ಬೆವರದಿರಲಿ ಅಂತ ಹಾಕಿದ್ದು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ತೂಕ ಇಲ್ಲದ್ದು ಗುಂಯ್ ಅನ್ನು ತಡೆಯಲ್ಲ. ಭಾರದ ಹೊದಿಕೆಯನ್ನು ಶೀಟಿಗೆ ಅಂಟಿಸಿ ಸುತ್ತಿದರೂ ಕಡಿಮೆ ಕಂಪನದಲ್ಲಿ ಲಾಭ ಅಷ್ಟಕ್ಕಷ್ಟೇ. ಕೆಲವು ಸಲ ಅದೂ ಜೊತೆಗೆ ನಡುಗಿ ಸದ್ದು ಹೆಚ್ಚುತ್ತೆ.

ಕೊನೆಗೆ ಎರಡು ಕೆಲಸ ಮಾಡಿದೆವು. ಎಎಚ್‌ಯು ರೂಮಿನ ಗೋಡೆಯಲ್ಲೇ ದೊಡ್ಡ ಡಕ್ಟ್‌ಗೆ ಸೈಲೆನ್ಸರ್ ಕೂರಿಸಿದೆವು. ಗೋಡೆಯಲ್ಲೇ ಅಂದರೆ ಗೋಡೆಯ ತೂತಿನಲ್ಲೇ. ಪೂರ್ತಿ ಒಳಗೆ ಇಟ್ಟರೆ, ಸೈಲೆನ್ಸರ್ ದಾಟಿದ ಡಕ್ಟ್‌ನೊಳಗೆ ಮೆಷಿನ್ ರೂಮಿನ ಗದ್ದಲ ಮತ್ತೆ ನುಗ್ಗುತ್ತೆ. ಆರಿಸುವಾಗ ನಾನು ನೋಡಿದ್ದು ಕ್ಯಾಟಲಾಗ್‌ನ 125ರ ಸಾಲು ಮಾತ್ರ. ಮಾರುವವರು ತೋರಿಸುವುದು 1000 ಹರ್ಟ್ಸ್‌ನ ದೊಡ್ಡ ನಂಬರು. ನಾವು ತಗೊಂಡದ್ದು 125ರಲ್ಲಿ 13 ಕೊಡುತ್ತಿತ್ತು. ಸೈಲೆನ್ಸರ್ ಒಳಗಿನ ಸಂದುಗಳಲ್ಲಿ ಗಾಳಿ ಇಕ್ಕಟ್ಟಾಗದಿರಲಿ ಅಂತ ಅಲ್ಲಿ ಎತ್ತರವನ್ನು 450 ಮಿ.ಮೀ. ಮಾಡಿದೆವು. ಇದು ಸಣ್ಣ ವಿಷಯ ಅಲ್ಲ. ಒತ್ತಡ ಜಾಸ್ತಿ ತಿಂದರೆ ಗಾಳಿ ಸಾಲದು ಅಂತ ಫ್ಯಾನ್ ಜೋರು ಮಾಡುತ್ತಾರೆ. ಫ್ಯಾನ್ 10% ಜೋರಾದರೆ ಸದ್ದು ಸುಮಾರು 2 ಡೆಸಿಬಲ್ ಏರುತ್ತೆ. ಕೊಂಡದ್ದರಲ್ಲಿ ಅಷ್ಟು ವಾಪಸ್.

ಎರಡನೆಯದು, ಆ 6 ಮೀಟರ್ ಡಕ್ಟ್ ಸುತ್ತ ಎರಡು ಪದರ ಜಿಪ್ಸಂ ಬೋರ್ಡಿನ ಪೆಟ್ಟಿಗೆ. ಶೀಟಿಗೆ ತಾಗದ ಹಾಗೆ ಜಾಗ ಬಿಟ್ಟು, ನಡುವೆ ಗ್ಲಾಸ್ ವೂಲ್ ತುಂಬಿದೆವು. ಅದರಿಂದ ಸುಮಾರು 10 ಸಿಗಬಹುದು ಅಂತ ಎಣಿಸಿದ್ದೆ. ಮೀಟರ್ 45 ತೋರಿಸಿತು. ಗುರಿಗಿಂತ ಒಂದು ಜಾಸ್ತಿ, ಆದರೂ ಮೇಷ್ಟ್ರಿಗೆ ಸಾಕಾಯಿತು.

ದುಂಡು ಡಕ್ಟ್ ಹಾಕಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು, ಜಾಗ ಇದ್ದರೆ. ಅದು ಕೆಳಗಿನ ಕೋಣೆಗೆ ಗುಂಯ್ ಸುಲಭಕ್ಕೆ ಬಿಡಲ್ಲ. ಆದರೆ ಸೋರದ ಸದ್ದು ಒಳಗೇ ಇದ್ದು ಮುಂದಿನ ಗ್ರಿಲ್‌ವರೆಗೂ ಹೋಗುತ್ತೆ. ಆದ್ದರಿಂದ ಮೊದಲಲ್ಲೇ ಸೈಲೆನ್ಸರ್ ಬೇಕೇ ಬೇಕು.

ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ. "ಸಾರ್, ಈ ಡಕ್ಟ್ ಯಾವ ದಾರಿಯಲ್ಲಿ ಹೋಗಲಿ?" ಅಂತ. ಅದೂ ಗೋಡೆ ಏಳುವ ಮೊದಲು. ಆ ಪೆಟ್ಟಿಗೆ, ಸೈಲೆನ್ಸರ್, ಒಂದು ವಾರದ ಕೂಲಿ, ಬಿಚ್ಚಿ ಮತ್ತೆ ಹಾಕಿದ ಸೀಲಿಂಗ್, ಯಾವುದೂ ಬೇಕಿರಲಿಲ್ಲ ಅಂತ ನನಗೆ ಇವತ್ತೂ ಸಂಕಟ ಆಗುತ್ತೆ. ಕವಲಿನ ಸೈಲೆನ್ಸರ್ ಉಳಿಸಿಕೊಂಡು, ದೊಡ್ಡ ಡಕ್ಟನ್ನು 4 ಮೀಟರ್ ಆಚೆ, ಕಾರಿಡಾರ್ ಮೇಲೆ ಹಾಯಿಸಿದ್ದರೆ ಸಾಕಿತ್ತು. ಅಲ್ಲಿ ಹುಡುಗರು ಓಡಾಡುತ್ತಾರೆ, ಗುಂಯ್ ಅಂದರೂ ಯಾರಿಗೂ ತೊಂದರೆ ಇಲ್ಲ.

ಹೋದ ತಿಂಗಳು ಅದೇ ಮೇಷ್ಟ್ರು ಹೊಸ ಕಟ್ಟಡದ ನಕ್ಷೆ ಹಿಡಿದುಕೊಂಡು ಬಂದರು. ಎಎಚ್‌ಯು ರೂಮಿನ ಪಕ್ಕ ಮತ್ತೆ ರೆಕಾರ್ಡಿಂಗ್ ಕೋಣೆ ಇತ್ತು. ಪೆನ್ಸಿಲ್ ತಗೊಂಡು ಎರಡರ ನಡುವೆ ಸ್ಟೋರ್ ರೂಮು ತಂದು ಇಟ್ಟೆ. ಡಕ್ಟ್ ಗೆರೆಯನ್ನು ಟಾಯ್ಲೆಟ್ ಮೇಲೆ ಎಳೆದೆ.