ಆರು ಬೋರ್ಡ್‌ಗಳ ಸಾಲಿನಲ್ಲಿ ಬೆಸ-ಸಮ ಸಾರ್ಟಿಂಗ್: ಈವರೆಗಿನ ಕೆಲಸ

ಆರು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳನ್ನು ಸಾಲಾಗಿ ಜೋಡಿಸಿದ್ದೇನೆ. ಪ್ರತಿಯೊಂದರಲ್ಲೂ ಒಂದೇ ಒಂದು ಸಂಖ್ಯೆ. ತಂತಿ ಹೋಗುವುದು ಎಡ ಮತ್ತು ಬಲ ನೆರೆಯವರಿಗೆ ಮಾತ್ರ. ಸಂಖ್ಯೆಗಳನ್ನು ಎಡದಿಂದ ಬಲಕ್ಕೆ ಏರಿಕೆ ಕ್ರಮದಲ್ಲಿ ಜೋಡಿಸಲು ಕಂಪ್ಯೂಟರ್ ವಿಜ್ಞಾನಿ ನಿಕೊ ಹ್ಯಾಬರ್‌ಮನ್ 1972ರಲ್ಲಿ ವಿವರಿಸಿದ ವಿಧಾನ ಇದರ ಮೇಲೆ ಈಗ ಸರಿಯಾಗಿ ಓಡುತ್ತಿದೆ.

ಬೆಸ ಸುತ್ತಿನಲ್ಲಿ 1-2, 3-4, 5-6 ಬೋರ್ಡ್‌ಗಳು ಜೋಡಿ. ಸಮ ಸುತ್ತಿನಲ್ಲಿ 2-3, 4-5 ಜೋಡಿ, ತುದಿಯ ಎರಡೂ ಸುಮ್ಮನಿರುತ್ತವೆ. ಜೋಡಿಯ ಇಬ್ಬರೂ ತಮ್ಮ ಸಂಖ್ಯೆಯನ್ನು ಪರಸ್ಪರ ಕಳಿಸಿಕೊಳ್ಳುತ್ತಾರೆ. ತನ್ನ ಸಂಖ್ಯೆ v, ನೆರೆಯವನದು w ಎಂದುಕೊಂಡರೆ, ಆಮೇಲೆ ನಡೆಯುವುದು ಇಷ್ಟೇ:

```
v = isLeft ? min(v, w) : max(v, w);
```

ಅದಲುಬದಲು ಮಾಡಬೇಕೇ ಎಂದು ಕೇಳುವ, ಒಪ್ಪಿಸುವ ಸಂದೇಶವೇ ಬೇಡ. ಎಡದವನು ಚಿಕ್ಕದನ್ನು, ಬಲದವನು ದೊಡ್ಡದನ್ನು ಇಟ್ಟುಕೊಂಡರೆ ಆಯಿತು. ಒಂದೇ ಸುತ್ತಿನ ಜೋಡಿಗಳಿಗೆ ಒಂದರ ಹಂಗು ಇನ್ನೊಂದಕ್ಕಿಲ್ಲ, ಹಾಗಾಗಿ ಎಲ್ಲವೂ ಒಟ್ಟಿಗೇ ನಡೆಯುತ್ತವೆ. ಸಾಲು ಎಷ್ಟೇ ಉದ್ದವಾದರೂ ಒಂದು ಬೋರ್ಡಿನ ತಂತಿ, ಮೆಮೊರಿ, ಪ್ರೋಗ್ರಾಂ ಹೆಚ್ಚಾಗುವುದಿಲ್ಲ. ಇಂಥ ಸರಳ ಪ್ರೊಸೆಸರ್‌ಗಳಿಗೆ ಇದು ಹೇಳಿ ಮಾಡಿಸಿದಂತಿರುವುದು ಈ ಕಾರಣಕ್ಕೆ.

ಪೂರ್ತಿ ತಿರುಗುಮುರುಗಾದ ಸಾಲನ್ನು ಕೊಟ್ಟು ನೋಡಿದೆ:

```
      6 5 4 3 2 1
1:    5 6 3 4 1 2
2:    5 3 6 1 4 2
3:    3 5 1 6 2 4
4:    3 1 5 2 6 4
5:    1 3 2 5 4 6
6:    1 2 3 4 5 6
```

ಒಂದು ತುದಿಯಿಂದ ಇನ್ನೊಂದು ತುದಿಗೆ ಐದೇ ಹೆಜ್ಜೆ. ಹಾಗಿದ್ದರೂ ಆರು ಸುತ್ತು ಏಕೆ ಬೇಕಾಯಿತು? 5ರ ದಾರಿಯನ್ನು ಹಿಂಬಾಲಿಸಿ. ಮೊದಲ ಸುತ್ತಿನಲ್ಲಿ 6ಕ್ಕೆ ದಾರಿ ಬಿಟ್ಟು ಎಡಕ್ಕೆ ಸರಿಯುತ್ತದೆ. ಎರಡನೆಯದರಲ್ಲಿ ತುದಿಯಲ್ಲಿ ಕಾಯುತ್ತದೆ. ಆಮೇಲೆ ನಾಲ್ಕು ಸುತ್ತು ಎಲ್ಲೂ ನಿಲ್ಲದೆ ಬಲಕ್ಕೆ ಹೋಗುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಇದು. n ಬೋರ್ಡ್‌ಗಳಿಗೆ ಯಾವ ಸಾಲು ಕೊಟ್ಟರೂ n ಸುತ್ತು ಸಾಕು.

ಒಟ್ಟು ಹೋಲಿಕೆಗಳು 3+2+3+2+3+2, ಅಂದರೆ 15. ಬಬಲ್ ಸಾರ್ಟ್ ಈ ಸಾಲಿಗೆ ಮಾಡುವುದೂ ಅಷ್ಟೇ. ಒಂದೇ ಪ್ರೊಸೆಸರ್ ಇದ್ದರೆ ಇದರಿಂದ ಲಾಭವಿಲ್ಲ.

ಯಾವ ಅದಲುಬದಲೂ ಆಗದ ಸುತ್ತು ಕಂಡ ಕೂಡಲೇ ನಿಲ್ಲಿಸಬಾರದು. 1 3 2 4 ಕೊಟ್ಟರೆ ಮೊದಲ ಬೆಸ ಸುತ್ತಿನಲ್ಲಿ ಏನೂ ಕದಲುವುದಿಲ್ಲ, ಆದರೂ ಕ್ರಮ ಸರಿಯಿಲ್ಲ. ಬೆನ್ನುಬೆನ್ನಿಗೆ ಎರಡು ಸುತ್ತು ನಿಶ್ಚಲವಾಗಿದ್ದರೆ ಮುಗಿದಂತೆ. ಅದನ್ನು ಎಲ್ಲ ಬೋರ್ಡ್‌ಗಳಿಗೂ ತಿಳಿಸಲು ಮಾತ್ರ ಸಾಲಿನುದ್ದಕ್ಕೂ ಇನ್ನೊಂದು ತಂತಿ ಬೇಕು. ಅದರ ಬದಲು ಆರು ಸುತ್ತು ಎಣಿಸಿ ನಿಲ್ಲಿಸುವುದೇ ನನಗೆ ಸರಿ ಕಂಡಿತು.

ಸುತ್ತುಗಳು ತಾಳ ತಪ್ಪದಿರಲು ಪ್ರತಿ ಬೋರ್ಡ್ ಮೊದಲು ಕಳಿಸಿ, ನಂತರ ನೆರೆಯವನ ಸಂಖ್ಯೆ ಬರುವವರೆಗೆ ಕಾಯುತ್ತದೆ. ಇಬ್ಬರೂ ಮೊದಲು ಕಾಯಲು ನಿಂತರೆ ಸಾಲು ಅಲ್ಲಿಗೇ ಸ್ತಬ್ಧ. ಒಬ್ಬ ಹಳೆಯ ಸಂಖ್ಯೆಯನ್ನು ಓದಿಬಿಟ್ಟರೆ ಒಂದು ಸಂಖ್ಯೆ ಎರಡಾಗಿ ಇನ್ನೊಂದು ಮಾಯವಾಗುತ್ತದೆ. ಹಾಗಾಗಿ ಕೊನೆಯಲ್ಲಿ ಮೊತ್ತ 21 ಇದೆಯೇ ಎಂದು ನೋಡುತ್ತೇನೆ.

ಮುಂದಿನ ಹಂತದಲ್ಲಿ ಪ್ರತಿ ಬೋರ್ಡಿಗೆ ಮೊದಲೇ ಕ್ರಮದಲ್ಲಿರುವ ನಾಲ್ಕು ಸಂಖ್ಯೆ ಕೊಡುತ್ತೇನೆ. ಜೋಡಿಯ ಎಂಟರಲ್ಲಿ ಚಿಕ್ಕ ನಾಲ್ಕು ಎಡಕ್ಕೆ, ದೊಡ್ಡ ನಾಲ್ಕು ಬಲಕ್ಕೆ. ಆಗಲೂ ಆರೇ ಸುತ್ತು ಸಾಕು, ಪ್ರತಿ ಸುತ್ತು ಮಾತ್ರ ಉದ್ದವಾಗುತ್ತದೆ.