ಹತ್ತು ಲೀಟರಿನ ಬಕೆಟ್

ಮೇ 31ಕ್ಕೆ ನಮ್ಮ ವಿಜ್ಞಾನ ಮಾಸ್ಟ್ರು ನಿವೃತ್ತರಾಗುತ್ತಾರೆ. ಇದೇ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಅವರ ಶಿಷ್ಯನಾಗಿ ಕೂತವನು ನಾನು. ಹನ್ನೆರಡು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದು. ಬೀಳ್ಕೊಡುಗೆಯ ದಿನ ಮಾತಾಡಲು ಹೇಳಿದ್ದಾರೆ. ಗಂಟಲು ಕಟ್ಟಿದರೆ ಎಂದು ಹೇಳಬೇಕಾದ್ದನ್ನು ಇಲ್ಲೇ ಬರೆದಿಡುತ್ತಿದ್ದೇನೆ.

ನಾವಾಗ ಒಂಬತ್ತನೇ ಕ್ಲಾಸು. ಒಂದು ಮಧ್ಯಾಹ್ನ ನಾಲ್ವರು ಸೇರಿ ಶಾಲೆಯ ಹಿಂದಿನ ಅಡಿಕೆ ತೋಟದ ಸುರಂಗಕ್ಕೆ ನುಗ್ಗಿದೆವು. ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಒಬ್ಬ ಆಳು ಹೋಗುವಷ್ಟೇ ಅಗಲ. ಏಡಿ ಹಿಡಿಯುವ ಗಡಿಬಿಡಿಯಲ್ಲಿ ತಳದ ಕೆಸರೆಲ್ಲ ಕದಡಿತು. ಆ ನೀರೇ ದಂಬೆಯಲ್ಲಿ ಹರಿದು ತೋಟದ ಮನೆಯ ಟಾಂಕಿಗೆ ಬೀಳುವುದು, ಅವರಿಗೆ ಕುಡಿಯಲು ಬೇರೆ ನೀರಿಲ್ಲ. ಸಂಜೆಯೊಳಗೆ ದೂರು ಬಂತು.

ಮರುದಿನ ಮಾಸ್ಟ್ರು ಬೆತ್ತ ಎತ್ತಲಿಲ್ಲ. ನಮ್ಮನ್ನು ಆ ಮನೆಗೆ ಕರೆದೊಯ್ದು, ಅಲ್ಲಿಯ ಅಜ್ಜಿಯಲ್ಲಿ ಕ್ಷಮೆ ಕೇಳಿಸಿ, ಟಾಂಕಿ ತೊಳೆಸಿದರು. ಆಮೇಲೆ ಮೊಂಬತ್ತಿ ಹಚ್ಚಿಕೊಂಡು ಸುರಂಗದೊಳಗೆ ತಾವೇ ಮುಂದೆ ನಡೆದರು. ಹದಿನೈದು ಕೋಲು ದಾಟಿರಬೇಕು (ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ), ಜ್ವಾಲೆ ಮಂಕಾಯಿತು.

"ಕಂಡಿತಾ ಮಕ್ಕಳೇ? ಇಲ್ಲಿ ಒಳ್ಳೆಯ ಗಾಳಿ ಕಮ್ಮಿ. ದೀಪ ಆರಲಿ ಅಂತ ಕಾಯಬಾರದು, ಮಂಕಾದ ಕೂಡಲೇ ತಿರುಗಬೇಕು. ಮೇಲಿನ ಮಣ್ಣು ಕುಸಿಯುವುದಾದರೆ ಮಾತ್ರ ದೀಪವೂ ಹೇಳುವುದಿಲ್ಲ."

ಶಿಕ್ಷೆ ಅದಲ್ಲ. ಪ್ರತಿ ಶನಿವಾರ ದಂಬೆಯ ಬಾಯಿಗೆ ಹತ್ತು ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಎಂದು ಬರೆಯಬೇಕು, ಬೇಸಿಗೆ ರಜೆಯಲ್ಲೂ. ಸೆಕೆಂಡ್ ಮುಳ್ಳಿನ ತಮ್ಮ ವಾಚನ್ನೇ ಬಿಚ್ಚಿ ಕೊಟ್ಟರು. ಡಿಸೆಂಬರಿನಲ್ಲಿ ಬಕೆಟ್ ನಾಲ್ಕು ನಿಮಿಷಕ್ಕೆ ತುಂಬುತ್ತಿತ್ತು. ಗಂಟೆಗೆ 150 ಲೀಟರ್, ದಿನಕ್ಕೆ 3600. ಏಪ್ರಿಲ್ ಕೊನೆಗೆ ಹನ್ನೆರಡು ನಿಮಿಷ ಬೇಕಾಯಿತು. ದಿನಕ್ಕೆ ಬರೀ 1200. ಆ ಲೆಕ್ಕ ಬರೆದ ದಿನ ನಾನು ಕದಡಿದ ಟಾಂಕಿಯನ್ನು ನೆನೆದು ಅತ್ತಿದ್ದೇನೆ. ಆಟಿಯ ಮಳೆ ಮುರಕಲ್ಲಿನ ತೂತುಗಳಲ್ಲಿ ಇಂಗಿ, ತಿಂಗಳುಗಟ್ಟಲೆ ಒಸರುತ್ತಾ ಬರುವುದನ್ನೇ ಆ ಮನೆ ಬೇಸಿಗೆಯಲ್ಲಿ ಕುಡಿಯುತ್ತದೆ ಎಂದು ಮಾಸ್ಟ್ರು ಪುಸ್ತಕ ತೆರೆಯದೆ ತಿಳಿಸಿದ್ದರು. ಆ ವರ್ಷದ ಬೇರೆ ಪಾಠ ಒಂದೂ ನೆನಪಿಲ್ಲ.

ಈಗ ಅಂತರ್ಜಲದ ಪಾಠ ಪರದೆಯ ಮೇಲೆ ಐದು ನಿಮಿಷದಲ್ಲಿ ಮುಗಿಯುತ್ತದೆ, ಮಕ್ಕಳ ಕಾಲು ಒದ್ದೆಯಾಗುವುದಿಲ್ಲ. ನನಗದು ಬೇಸರ. ನನ್ನ ಕ್ಲಾಸಿನ ಮಕ್ಕಳು ಪ್ರತಿ ಡಿಸೆಂಬರಿನಲ್ಲಿ ಬಕೆಟ್ ಹಿಡಿದು ಅದೇ ದಂಬೆಯ ಬುಡಕ್ಕೆ ಹೋಗುತ್ತಾರೆ ಎಂಬ ಹೆಮ್ಮೆಯೂ ಇದೆ. ನಾನು ಕೆಲಸಕ್ಕೆ ಸೇರಿದ ವಾರವೇ ಹಳೆಯ ಲೆಕ್ಕದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಮುಂದಿನ ಪುಟ ಖಾಲಿ ಉಂಟು" ಎಂದವರು ಅವರೇ.

ಮಾಸ್ಟ್ರೇ, ಬೆತ್ತದ ಬದಲು ವಾಚು ಕೊಟ್ಟಿರಿ, ಅದಕ್ಕೆ ನಾನು ಋಣಿ. ನಿಮಗೂ ಟೀಚರಮ್ಮನಿಗೂ ಆರೋಗ್ಯ ಚೆನ್ನಾಗಿರಲಿ. ನಿಮ್ಮ ತೋಟದ ಸುರಂಗ ಮೇ ತಿಂಗಳಲ್ಲೂ ಒಸರುತ್ತಿರಲಿ. ಶನಿವಾರ ಬಕೆಟ್ ಹಿಡಿದು ಅಲ್ಲಿಗೂ ಬರುತ್ತೇವೆ.