ವಾಪಸ್ ಹೋದ ಆಂಬುಲೆನ್ಸ್‌ನ ಚೀಟಿ

ವಿಮಾ ಕಂಪನಿಗಳ ಪರವಾಗಿ ಆರೋಗ್ಯ ವಿಮೆಯ ಕ್ಲೇಮ್ ಪರಿಶೀಲಿಸುವ ಬೆಂಗಳೂರಿನ ಒಂದು ಟಿಪಿಎಯಲ್ಲಿ, ರೋಗಿ ಮೊದಲು ಖರ್ಚು ಮಾಡಿ ಆಮೇಲೆ ಹಣ ಕೇಳುವ ರೀಇಂಬರ್ಸ್‌ಮೆಂಟ್ ಕ್ಲೇಮ್ ನೋಡುವುದು ನನ್ನ ಕೆಲಸ. ಮನೆಯಲ್ಲೇ ಚಿಕಿತ್ಸೆ ಪಡೆದ ಡೊಮಿಸಿಲಿಯರಿ ಕ್ಲೇಮ್‌ಗಳು ನಮಗೆ ಬರುವುದೇ ಕಡಿಮೆ. ಬಂದರೂ ನಮ್ಮ ಸಾಫ್ಟ್‌ವೇರ್‌ನಲ್ಲಿ ಅವಕ್ಕೆ ಜಾಗವಿಲ್ಲ. ವಿಮೆಯ ಲೆಕ್ಕಕ್ಕೆಂದು ಪ್ರತಿ ಆಸ್ಪತ್ರೆಗೆ ಕೊಡುವ ರೋಹಿಣಿ ನಂಬರ್ ಹಾಕದೆ ಮುಂದಿನ ಪುಟವೇ ತೆರೆಯುವುದಿಲ್ಲ. ಮನೆಗೆ ಎಲ್ಲಿಂದ ರೋಹಿಣಿ ನಂಬರ್ ತರುವುದು? ಮ್ಯಾನೇಜರ್‌ಗೆ ಎಷ್ಟು ಸಲ ಬರೆದರೂ ಅದು ಹಾಗೇ ಇದೆ.

ಅಂಥದ್ದೇ ಒಂದು ಫೈಲ್ 78 ವರ್ಷದ ಒಬ್ಬ ಹಿರಿಯರದ್ದು. ಪಾರ್ಕಿನ್ಸನ್ಸ್‌ನಿಂದ ಹಾಸಿಗೆ ಹಿಡಿದಿದ್ದರು. ಊಟ ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆಗಿತ್ತು. ಒಂಬತ್ತು ದಿನ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್, ಐವಿ ಆ್ಯಂಟಿಬಯಾಟಿಕ್, ನರ್ಸ್. ಒಟ್ಟು ಬಿಲ್ 83,400 ರೂಪಾಯಿ.

ಪಾಲಿಸಿಯ ಮಾತು ಸರಳವಾಗಿಯೇ ಇದೆ. ಆಸ್ಪತ್ರೆಯಲ್ಲಿ ಆಗಬೇಕಿದ್ದ ಚಿಕಿತ್ಸೆ ಮನೆಯಲ್ಲಿ ಆಗಿರಬೇಕು. ಕಾರಣ ಎರಡರಲ್ಲಿ ಒಂದು: ರೋಗಿಯನ್ನು ಸಾಗಿಸುವ ಸ್ಥಿತಿ ಇರಲಿಲ್ಲ, ಇಲ್ಲವೇ ಆಸ್ಪತ್ರೆಯಲ್ಲಿ ಬೆಡ್ ಸಿಗಲಿಲ್ಲ. ಇವರ ಪಾಲಿಸಿಯಲ್ಲಿ ಚಿಕಿತ್ಸೆ ಮೂರು ದಿನಕ್ಕಿಂತ ಜಾಸ್ತಿ ನಡೆದಿರಬೇಕು ಎಂದೂ ಇತ್ತು. ಜೊತೆಗೆ ಆಸ್ತಮಾ, ಬ್ರಾಂಕೈಟಿಸ್, ಶುಗರ್, ಬಿಪಿ, ಫಿಟ್ಸ್, ಭೇದಿ, ಫ್ಲೂ, ಸಂಧಿವಾತದಂಥ ಕಾಯಿಲೆಗಳನ್ನು ಹೊರಗಿಟ್ಟ ಪಟ್ಟಿ.

ಮೊದಲ ಕಂಟಕ ಆ ಪಟ್ಟಿಯಲ್ಲೇ ಇತ್ತು. ಡಾಕ್ಟರು ಮೊದಲ ದಿನದ ಚೀಟಿಯಲ್ಲಿ ಬ್ರಾಂಕೈಟಿಸ್ ಇರಬಹುದು ಎಂದು ಬರೆದಿದ್ದರು. ಅಷ್ಟನ್ನೇ ನೋಡಿ ಫೈಲ್ ಮುಚ್ಚಬಹುದಿತ್ತು. ಆದರೆ ಎರಡನೇ ದಿನ ಪೋರ್ಟಬಲ್ ಎಕ್ಸ್‌ರೇ ಮನೆಗೇ ತರಿಸಿದ್ದರು. ಬಲಗಡೆ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಟ್ಟಿಕೊಂಡಿತ್ತು. ನ್ಯುಮೋನಿಯಾ ಆ ಪಟ್ಟಿಯಲ್ಲಿಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಡಾಕ್ಟರ ಸರ್ಟಿಫಿಕೇಟ್‌ನಲ್ಲಿ ‘ಮನೆಯವರ ಇಚ್ಛೆಯಂತೆ ಮನೆಯಲ್ಲೇ ಚಿಕಿತ್ಸೆ’ ಎಂಬ ಸಾಲಿತ್ತು. ಮನೆಯವರ ಇಚ್ಛೆ ಪಾಲಿಸಿ ಒಪ್ಪುವ ಕಾರಣವಲ್ಲ. ಲಿಫ್ಟ್ ಇಲ್ಲದ ಮೂರನೇ ಮಹಡಿಯಾದರೂ ಅಷ್ಟೇ, ಮಳೆಗೆ ರಸ್ತೆ ಕಿತ್ತುಹೋಗಿದ್ದರೂ ಅಷ್ಟೇ. ಇಂಥ ಕ್ಲೇಮ್ ನೋಡುವ ಯಾರಿಗೇ ಆಗಲಿ ಎರಡು ಪ್ರಶ್ನೆ ಏಳುತ್ತವೆ. ಕಾಯಿಲೆ ಅಷ್ಟೇನೂ ಜೋರಿಲ್ಲದಿದ್ದರೆ, ಆಸ್ಪತ್ರೆ ಯಾಕೆ ಬೇಕಿತ್ತು? ಅಷ್ಟು ಜೋರಿದ್ದರೆ, ಆಕ್ಸಿಜನ್ ಇರುವ ಆಂಬುಲೆನ್ಸ್‌ನಲ್ಲಿ ಯಾಕೆ ಕರೆದೊಯ್ಯಲಿಲ್ಲ? ಫೈಲಿನ ಕಾಗದಗಳು ಎರಡಕ್ಕೂ ಉತ್ತರ ಕೊಡಬೇಕು. ಹೆಚ್ಚಿನವು ಒಂದಕ್ಕೆ ಮಾತ್ರ ಕೊಡುತ್ತವೆ.

ಸಂಜೆಯೊಳಗೆ ಷರಾ ಬರೆಯಬೇಕಿತ್ತು. ಸೀನಿಯರ್ ಪಕ್ಕದಲ್ಲೇ ನಿಂತು, ‘ಇಚ್ಛೆ ಅಂತ ಅವರೇ ಬರೆದಿದ್ದಾರಲ್ಲ, ರಿಜೆಕ್ಟ್ ಮಾಡಿ’ ಎಂದರು. ಒಂದು ಫೋನ್ ಮಾಡಿ ನೋಡುತ್ತೇನೆ ಎಂದೆ. ಮಗ ಎತ್ತಿದರು.

‘ಸರ್, ಆಸ್ಪತ್ರೆಗೆ ಕರೆದುಕೊಂಡು ಹೋಗುವ ಪ್ರಯತ್ನ ಮಾಡಿದ್ರಾ?’

‘ಮಾಡಿದ್ವಿ ಮೇಡಂ. ಆಂಬುಲೆನ್ಸ್ ಬಂದಿತ್ತು. ಸ್ಟ್ರೆಚರ್‌ಗೆ ಹಾಕುತ್ತಿದ್ದ ಹಾಗೇ ಅಪ್ಪ ನೀಲಿ ಆಗಿಬಿಟ್ಟರು. ಡಾಕ್ಟರು ಬೇಡ ಅಂದರು. ವಾಪಸ್ ಕಳಿಸಿದ್ವಿ.’

‘ಅದರ ಚೀಟಿ ಇದೆಯಾ?’

ಸ್ವಲ್ಪ ಹೊತ್ತು ಸದ್ದಿಲ್ಲ. ಡ್ರಾಯರ್ ಎಳೆಯುವ ಶಬ್ದ ಕೇಳಿಸುತ್ತಿತ್ತು. ಸೀನಿಯರ್ ಗಡಿಯಾರ ನೋಡಿದರು. ನಾನು ಫೋನ್ ಇಡಲಿಲ್ಲ. ‘ಹೋಗಲೇ ಇಲ್ಲವಲ್ಲ, ಬಿಲ್ ಯಾಕೆ ಅಂತ ಕ್ಲೇಮ್‌ಗೆ ಹಾಕಿರಲಿಲ್ಲ’ ಎನ್ನುತ್ತಾ ಮಗ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು.

ಆಂಬುಲೆನ್ಸ್ ಸಿಬ್ಬಂದಿ ಆ ಚೀಟಿಯಲ್ಲಿ ಎಲ್ಲ ಬರೆದಿದ್ದರು. ಹಾಸಿಗೆಯಲ್ಲಿ ಆಕ್ಸಿಜನ್ ಕೊಟ್ಟಾಗ ಸ್ಯಾಚುರೇಷನ್ 91. ಸ್ಟ್ರೆಚರ್‌ಗೆ ಎತ್ತಿದಾಗ, ಆಕ್ಸಿಜನ್ ಇದ್ದೂ 76. ಬಿಪಿ 80/50. ದಿನಾಂಕ, ಗಂಟೆ, ಸಹಿ. ಎರಡೂ ಪ್ರಶ್ನೆಗೆ ಉತ್ತರ ಆ ಒಂದು ಹಾಳೆಯಲ್ಲಿತ್ತು. ನಮ್ಮ ಕ್ವೆರಿ ಹೋದ ಮೇಲೆ ಬರೆಸಿದ ಸರ್ಟಿಫಿಕೇಟ್‌ಗಿಂತ ಆ ಗಳಿಗೆಯಲ್ಲೇ ಬರೆದ ಅಂಕಿಗೆ ಬೆಲೆ ಜಾಸ್ತಿ. ಕ್ಲೇಮ್ ಮಾಡಲು ಯೋಚಿಸದೆ, ಆ ಹೊತ್ತಿನಲ್ಲಿ ಕಂಡದ್ದನ್ನು ಬರೆದಿರುತ್ತಾರಲ್ವಾ. ಡಾಕ್ಟರ ಅದೇ ದಿನದ ವಿಸಿಟ್ ನೋಟ್ ಕೂಡ ತರಿಸಿದೆ. ಅದರಲ್ಲೂ ‘ಸಾಗಿಸುವುದು ಅಪಾಯ’ ಎಂದಿತ್ತು. ‘ಇಚ್ಛೆ’ ಎಂಬ ಸಾಲು ಆಮೇಲೆ ಮನೆಯವರ ಸಹಿ ತೆಗೆದುಕೊಳ್ಳುವಾಗ ಅಭ್ಯಾಸಬಲದಿಂದ ಬಂದದ್ದು.

ಫೈಲ್ ಪಾಸಾಯಿತು. ಹಣ ಮಾತ್ರ ಪೂರ್ತಿ ಸಿಗಲಿಲ್ಲ. ನೋಡಿಕೊಳ್ಳುವ ಹುಡುಗನ ಸಂಬಳ 9,600 ರೂಪಾಯಿ ಕಡಿತವಾಯಿತು, ಏಕೆಂದರೆ ಅವನು ನರ್ಸ್ ಅಲ್ಲ. ನರ್ಸ್‌ನ ನೋಂದಣಿ ಸಂಖ್ಯೆ ಸಿಕ್ಕಿದ್ದರಿಂದ ಅವರ ಬಿಲ್ ಉಳಿಯಿತು. ಡೈಪರ್, ಗ್ಲೌಸ್‌ಗೆ 3,200 ಹೋಯಿತು. ಉಳಿದದ್ದು 70,600. ಆದರೆ ಐದು ಲಕ್ಷದ ಆ ಪಾಲಿಸಿಯಲ್ಲಿ ಮನೆ ಚಿಕಿತ್ಸೆಗೆ ಮಿತಿ ಶೇಕಡ 10. ಹಾಗಾಗಿ ಕೈಗೆ ಬಂದದ್ದು 50,000.

ಆ ಮೇಲೆ ಮಗ ಫಿಸಿಯೋಥೆರಪಿ ಬಿಲ್ ಕಳಿಸಿದರು. ಆಸ್ಪತ್ರೆಗೆ ಸೇರಿದ್ದರೆ ಡಿಸ್ಚಾರ್ಜ್ ನಂತರದ ಖರ್ಚು ಎಂದು ಅದನ್ನು ನೋಡಬಹುದಿತ್ತು. ಅವರ ಪಾಲಿಸಿಯಲ್ಲಿ ಡೊಮಿಸಿಲಿಯರಿಗೆ ಮುಂಚಿನ ಖರ್ಚೂ ಇಲ್ಲ, ನಂತರದ ಖರ್ಚೂ ಇಲ್ಲ. ವಿಮಾ ಕಂಪನಿ ಕಳಿಸುವ ಆ ರಿಜೆಕ್ಷನ್ ಪತ್ರದ ಕರಡನ್ನು ನಾನೇ ಬರೆಯಬೇಕಾಯಿತು. ಪಾಲಿಸಿಯ ಯಾವ ಷರತ್ತಿನಿಂದ ಹೀಗಾಯಿತು ಎಂದು ಕನ್ನಡದಲ್ಲಿ ಬರೆದು, ಒಪ್ಪಿಗೆಯಾಗದಿದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು ಎಂದೂ ಸೇರಿಸಿದೆ.